ಹಾಲು, ಬಿಸಿಲು ಮತ್ತು ಮೊಮ್ಮಗುವಿನ ಮೈಬಣ್ಣ: ಅಜ್ಜಿಗೆ ವಿವರಿಸುವ ಕ್ರಮ

ಹುಟ್ಟಿದ ದಿನ ಕೆಂಪಗೆ, ತಿಳಿಯಾಗಿ ಕಂಡ ಮಗು ಮೂರನೆಯ ತಿಂಗಳ ಹೊತ್ತಿಗೆ ತಂದೆಯ ಬಣ್ಣಕ್ಕೆ ತಿರುಗಿದಾಗ ಬಾಣಂತನದ ಮನೆಯಲ್ಲಿ ಕಾರಣ ಹುಡುಕುವ ಕೆಲಸ ಆರಂಭವಾಗುತ್ತದೆ. ಬಸುರಿನಲ್ಲಿ ಕೇಸರಿ ಹಾಲನ್ನು ಸರಿಯಾಗಿ ಕುಡಿಯಲಿಲ್ಲ, ಬೇಡವೆಂದರೂ ಕಬ್ಬಿಣದ ಮಾತ್ರೆ ನುಂಗಿದಳು, ಎಳೆಯ ಮಗುವನ್ನು ಬಿಸಿಲಿಗೆ ತಂದಳು ಎಂಬ ಮಾತುಗಳೆಲ್ಲ ಕೊನೆಗೆ ಬಂದು ಸೇರುವುದು ಮಗುವಿನ ತಾಯಿಯ ತಲೆಯ ಮೇಲೆ. ಇಂಥ ನಂಬಿಕೆಯಿರುವ ಅಜ್ಜಿಗೆ, ಅವರ ಮನಸ್ಸು ನೋಯದಂತೆ, ಆದರೆ ಮಗುವಿಗೆ ಕೆಡುಕಾಗುವುದನ್ನು ತಡೆಯುವಂತೆ ವಿಷಯವನ್ನು ತಿಳಿಸುವುದು ಹೇಗೆಂಬುದನ್ನು ಇಲ್ಲಿ ಒಂದೊಂದು ಹೆಜ್ಜೆಯಾಗಿ ವಿವರಿಸಲಾಗಿದೆ.

ವಿವರಣೆಗೆ ಒಂದು ಮನೆಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಹಾಸನದ ಕಡೆಯ ಈ ಮನೆಯಲ್ಲಿ ಹಿರಿಯ ಮಗಳಿಗೆ ಇಬ್ಬರು ಮಕ್ಕಳಿದ್ದಾರೆ. ಮೊದಲನೆಯ ಹುಡುಗಿ ಎಣ್ಣೆಗೆಂಪು, ಎರಡನೆಯ ಹುಡುಗ ಗೋಧಿ ಬಣ್ಣ. ಕಿರಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದು, ಎಂಟು ದಿನಗಳ ಹಿಂದೆ ಹೆಣ್ಣು ಮಗುವಿಗೆ ಜನ್ಮ ನೀಡಿದ್ದಾಳೆ. ಹಿರಿಯ ಮಗಳ ಎರಡನೆಯ ಬಸುರಿನಲ್ಲಿ ತಾನು ದಿನವೂ ರಾತ್ರಿ ಕೇಸರಿ ಹಾಲು ಕುಡಿಸಿದ್ದರಿಂದಲೇ ಆ ಹುಡುಗ ತಿಳಿಯ ಬಣ್ಣಕ್ಕೆ ಬಂದ ಎಂಬುದು ಅಜ್ಜಿಯ ದೃಢವಾದ ನಂಬಿಕೆ. ಈಗ ಕಿಟಕಿಗಳನ್ನು ಮುಚ್ಚಿಸಿದ್ದಾರೆ; ಬಾಣಂತಿಯ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಬೇಕೆನ್ನುತ್ತಾರೆ; ಮೂರು ತಿಂಗಳಾದ ಮೇಲೆ ಮಗುವಿಗೆ ದಿನವೂ ಒಂದಿಷ್ಟು ಹಸುವಿನ ಹಾಲು ಕುಡಿಸಿದರೆ ಬಣ್ಣ ನಿಲ್ಲುತ್ತದೆ ಎಂದೂ ಹೇಳುತ್ತಾರೆ.

ಮೊದಲು ಅಜ್ಜಿ ಕಂಡದ್ದನ್ನು ಒಪ್ಪಿಕೊಳ್ಳಿ

ಇಂಥ ಮಾತುಕತೆಗಳು ಹೆಚ್ಚಾಗಿ ಕೆಡುವುದು ಮೊದಲ ವಾಕ್ಯದಲ್ಲಿಯೇ. "ಅದೆಲ್ಲ ಮೂಢನಂಬಿಕೆ" ಎಂದು ಆರಂಭಿಸಿದರೆ ಅಜ್ಜಿ ಮುಂದಿನ ಮಾತನ್ನು ಕೇಳುವುದಿಲ್ಲ, ಕೇಳಬೇಕಾದ ಕಾರಣವೂ ಇಲ್ಲ. ಏಕೆಂದರೆ ಅವರು ಕಣ್ಣಾರೆ ಕಂಡದ್ದು ಸುಳ್ಳಲ್ಲ. ಮಕ್ಕಳು ಹುಟ್ಟಿದಾಗ ತಿಳಿಯಾಗಿದ್ದು ಆಮೇಲೆ ಕಪ್ಪಾಗುವುದನ್ನು ಅವರು ಐದಾರು ಬಾಣಂತನಗಳಲ್ಲಿ ನೋಡಿದ್ದಾರೆ. ಬಿಸಿಲಿನಲ್ಲಿ ದುಡಿದ ಮೈ ಕಪ್ಪಾಗುವುದನ್ನು ಪ್ರತಿವರ್ಷವೂ ನೋಡುತ್ತಾರೆ. ಅವರ ನೋಟ ಸರಿಯಾಗಿದೆ, ಕಾರಣ ಮಾತ್ರ ಬೇರೆಯಾಗಿದೆ. ಆದ್ದರಿಂದ ಮಗಳು ಮಾತನ್ನು ಹೀಗೆ ತೆಗೆಯಬಹುದು: "ಅಮ್ಮ, ಹುಟ್ಟಿದಾಗ ಇದ್ದ ಬಣ್ಣ ಉಳಿಯಲ್ಲ ಅಂತ ನೀನು ಹೇಳ್ತೀಯಲ್ಲ, ಅದು ನಿಜ. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದರು. ಯಾಕೆ ಉಳಿಯಲ್ಲ ಅನ್ನೋದನ್ನೂ ಹೇಳಿದರು, ಕೇಳು."

ಮಾತಿಗೆ ಆರಿಸಿಕೊಳ್ಳುವ ಹೊತ್ತೂ ಮುಖ್ಯ. ನೆರೆಹೊರೆಯವರು ಮಗು ನೋಡಲು ಬಂದು ಕುಳಿತಿರುವಾಗ ಇದನ್ನು ಎತ್ತಬಾರದು. ಅಜ್ಜಿ ಮಗುವಿಗೆ ಎಣ್ಣೆ ತಿಕ್ಕುವ ಹೊತ್ತು ಒಳ್ಳೆಯದು. ಆಗ ಮಗುವಿನ ಮೈ ಅವರ ಕಣ್ಣೆದುರಿಗೇ ಇರುತ್ತದೆ, ಮತ್ತು ತೋರಿಸಬೇಕಾದ ಬಹಳಷ್ಟು ಸಂಗತಿಗಳು ಇರುವುದು ಆ ಮೈಯ ಮೇಲೆಯೇ.

ಹುಟ್ಟಿದ ದಿನದ ಬಣ್ಣ ಏಕೆ ನಿಲ್ಲುವುದಿಲ್ಲ

ನಮ್ಮ ಚರ್ಮದ ಹೊರಪದರದ ತಳದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಅವು ತಯಾರಿಸುವ ಕಂದುಗಪ್ಪು ವಸ್ತುವಿನ ಹೆಸರು ಮೆಲನಿನ್. ಈ ಕೋಶಗಳ ಸಂಖ್ಯೆ ಕಪ್ಪು ಮೈಯವರಲ್ಲಿ ಹೆಚ್ಚು, ಬಿಳಿ ಮೈಯವರಲ್ಲಿ ಕಡಿಮೆ ಎಂದು ಹಲವರು ಭಾವಿಸುತ್ತಾರೆ, ಆದರೆ ಸಂಖ್ಯೆ ಹೆಚ್ಚುಕಡಿಮೆ ಎಲ್ಲರಲ್ಲಿಯೂ ಒಂದೇ. ಪ್ರತಿಯೊಂದು ಕೋಶವೂ ಎಷ್ಟು ಮೆಲನಿನ್, ಯಾವ ಬಗೆಯ ಮೆಲನಿನ್ ತಯಾರಿಸಿ ಸುತ್ತಲಿನ ಚರ್ಮಕ್ಕೆ ಹಂಚುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ, ಮತ್ತು ಆ ಪ್ರಮಾಣವನ್ನು ಗರ್ಭ ಕಟ್ಟಿದ ದಿನ ತಂದೆತಾಯಿಯಿಂದ ಬಂದ ವಂಶವಾಹಿಗಳು ಗೊತ್ತುಮಾಡಿರುತ್ತವೆ. ಏಳನೆಯ ತಿಂಗಳಲ್ಲಿ ಕೇಸರಿ ಹಾಲು ಮನೆಗೆ ಬರುವ ಹೊತ್ತಿಗೆ ಈ ಕೋಶಗಳು ಮಗುವಿನ ಚರ್ಮದಲ್ಲಿ ತಮ್ಮ ಜಾಗದಲ್ಲಿ ಕುಳಿತು ಬಹಳ ಕಾಲವಾಗಿರುತ್ತದೆ.

ಆದರೆ ಹುಟ್ಟುವಾಗ ಅವು ಇನ್ನೂ ಪೂರ್ತಿ ಕೆಲಸಕ್ಕೆ ತೊಡಗಿರುವುದಿಲ್ಲ. ಮೆಲನಿನ್ ಕಡಿಮೆಯಿರುವ ಎಳೆಯ ತೆಳು ಚರ್ಮದ ಮೂಲಕ ಒಳಗಿನ ರಕ್ತ ಎದ್ದು ಕಾಣುತ್ತದೆ. ನವಜಾತ ಶಿಶುವಿನ ರಕ್ತದಲ್ಲಿ ಹಿಮೋಗ್ಲೋಬಿನ್ ದೊಡ್ಡವರಿಗಿಂತ ಹೆಚ್ಚಿರುವುದರಿಂದ ಮೈ ಕೆಂಪಗೆ ಹೊಳೆಯುತ್ತದೆ. ಅದನ್ನು ನಾವು "ಬೆಳ್ಳಗೆ ಹುಟ್ಟಿದೆ" ಎನ್ನುತ್ತೇವೆ. ಮುಂದಿನ ವಾರಗಳಲ್ಲಿ ಹಿಮೋಗ್ಲೋಬಿನ್ ಸಹಜವಾಗಿ ಇಳಿಯುತ್ತದೆ, ಹುಟ್ಟಿದಾಗಿನ ಮೇಲ್ಚರ್ಮ ಸಿಪ್ಪೆಯಂತೆ ಎದ್ದು ಉದುರುತ್ತದೆ, ಕೋಶಗಳು ಮೆಲನಿನ್ ತಯಾರಿಕೆಯನ್ನು ಹೆಚ್ಚಿಸುತ್ತವೆ. ಬದಲಾವಣೆ ಮೊದಲ ಕೆಲವು ವಾರಗಳಿಂದ ಆರು ತಿಂಗಳವರೆಗೆ ಚೆನ್ನಾಗಿ ಗೊತ್ತಾಗುತ್ತದೆ, ಆಮೇಲೂ ನಿಧಾನವಾಗಿ ಮುಂದುವರಿಯಬಹುದು. ಮಗುವನ್ನು ಕತ್ತಲ ಕೋಣೆಯಲ್ಲಿ ಇಟ್ಟರೂ ಇದು ನಡೆಯುತ್ತದೆ. ಇದೇ ಅವಧಿಯಲ್ಲಿ ತಾಯಿ ಮಾತ್ರೆ ನುಂಗಿರುತ್ತಾಳೆ, ಮಗು ಹೊರಗೆ ಬಂದಿರುತ್ತದೆ. ಎರಡೂ ಒಟ್ಟಿಗೆ ನಡೆದದ್ದರಿಂದ ಒಂದರ ಮೇಲೆ ಇನ್ನೊಂದರ ಅಪವಾದ ಬೀಳುತ್ತದೆ.

ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಮೇಲು. ಎಂಟು ದಿನದ ಮಗುವಿನ ಕಿವಿಯ ಅಂಚು ಮತ್ತು ಉಗುರಿನ ಬುಡದ ಚರ್ಮವನ್ನು ಅಜ್ಜಿಗೆ ತೋರಿಸಿ. ಮುಂದೆ ಕಪ್ಪು ಬಣ್ಣಕ್ಕೆ ಬರಲಿರುವ ಮಕ್ಕಳಲ್ಲಿ ಈ ಜಾಗಗಳು ಮೈಯ ಉಳಿದ ಭಾಗಕ್ಕಿಂತ ಗಾಢವಾಗಿರುವುದು ಸಾಮಾನ್ಯ. ಅನೇಕ ಅಜ್ಜಿಯರಿಗೆ ಈ ಗುರುತು ಮೊದಲೇ ಗೊತ್ತು, ಹೆರಿಗೆಯಾದ ಕೂಡಲೇ ಕಿವಿಯನ್ನು ನೋಡುವವರೂ ಅವರೇ. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಮಗು ಇನ್ನೂ ಬಿಸಿಲನ್ನೇ ಕಂಡಿಲ್ಲದಿರುವಾಗ ಕಿವಿಯ ಅಂಚಿಗೆ ಆ ಬಣ್ಣ ಎಲ್ಲಿಂದ ಬಂತು? ಅಜ್ಜಿಯ ಕಿವಿಯ ಜ್ಞಾನವೇ ಅವರ ಬಿಸಿಲಿನ ನಂಬಿಕೆಗೆ ಎದುರು ಸಾಕ್ಷಿಯಾಗಿ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಮಾತುಕತೆಯಲ್ಲಿ ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿಲ್ಲ. ಆದರೆ ಕಿವಿ ನೋಡಿ ಬಣ್ಣವನ್ನು ಖಚಿತವಾಗಿ ಹೇಳಲಾಗದು ಎಂಬುದೂ ನೆನಪಿರಲಿ. ಅದು ಅಂದಾಜು ಮಾತ್ರ.

ಎರಡನೆಯದಾಗಿ ಮನೆಯ ಎಲ್ಲರೂ ತೋಳನ್ನು ಮೇಲೆತ್ತಿ, ಕಂಕುಳಿಗೆ ಸಮೀಪದ ಮೇಲ್ತೋಳಿನ ಒಳಭಾಗವನ್ನು ನೋಡಿಕೊಳ್ಳಲಿ. ಬಿಸಿಲು ಬೀಳದ ಈ ಜಾಗದಲ್ಲಿ ಕಾಣುವುದೇ ವಂಶದಿಂದ ಬಂದ ಬಣ್ಣ. ಮುಂಗೈ, ಮುಖಗಳ ಬಣ್ಣ ಇದರ ಮೇಲೆ ಬಿಸಿಲು ಸೇರಿಸಿದ್ದು. ಮಗುವಿನ ತಂದೆತಾಯಿಯ ಒಳತೋಳುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಮಗುವಿನ ಬಣ್ಣ ಯಾವ ವ್ಯಾಪ್ತಿಯಲ್ಲಿ ಇರಬಹುದು ಎಂಬ ಅಂದಾಜು ಸಿಗುತ್ತದೆ. ಆ ವ್ಯಾಪ್ತಿಯ ಆಚೆಗೂ ಹೋಗಬಹುದು, ಅಜ್ಜ ಅಜ್ಜಿಯರ ಬಣ್ಣ ಬರುವುದುಂಟು.

"ಹಾಗಾದರೆ ಎರಡನೆಯವನು ಹೇಗೆ ಬೆಳ್ಳಗಾದ?"

ಅಜ್ಜಿ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ, ಮತ್ತು ಇದಕ್ಕೆ ಉತ್ತರವಿಲ್ಲದೆ ಮಾತಿಗೆ ಕೂರಬಾರದು. ಒಂದೇ ತಾಯಿ, ಒಂದೇ ತಂದೆ. ಮೊದಲ ಬಸುರಿನಲ್ಲಿ ಕೇಸರಿ ಹಾಲಿರಲಿಲ್ಲ, ಮಗು ಎಣ್ಣೆಗೆಂಪು. ಎರಡನೆಯ ಬಸುರಿನಲ್ಲಿ ಇತ್ತು, ಮಗು ಗೋಧಿ ಬಣ್ಣ. ಮೇಲ್ನೋಟಕ್ಕೆ ಲೆಕ್ಕ ಸರಿಯಾಗಿಯೇ ಇದೆ.

ಮೈಬಣ್ಣಕ್ಕೆ ಕಾರಣವಾಗುವ ವಂಶವಾಹಿ ಒಂದಲ್ಲ, ಹಲವು. ಪ್ರತಿಯೊಂದೂ ಎರಡು ಪ್ರತಿಗಳಲ್ಲಿರುತ್ತದೆ; ತಾಯಿ ತನ್ನ ಎರಡರಲ್ಲಿ ಒಂದನ್ನು, ತಂದೆ ತನ್ನ ಎರಡರಲ್ಲಿ ಒಂದನ್ನು ಮಗುವಿಗೆ ಕೊಡುತ್ತಾರೆ, ಯಾವುದು ಹೋಗುತ್ತದೆ ಎಂಬುದು ಪ್ರತಿ ಮಗುವಿಗೂ ಹೊಸದಾಗಿ ನಿರ್ಧಾರವಾಗುತ್ತದೆ. ಅವುಗಳಲ್ಲಿ ಚೆನ್ನಾಗಿ ಅಧ್ಯಯನವಾದ ಒಂದು ವಂಶವಾಹಿಯ ಹೆಸರು ಎಸ್‌ಎಲ್‌ಸಿ24ಎ5. ಮನುಷ್ಯರ ಮೈಬಣ್ಣದಲ್ಲಿ ಅದರ ಪಾತ್ರ ತಿಳಿದುಬಂದದ್ದು 2005ರಲ್ಲಿ, ಪಟ್ಟೆಗಳು ಮಂಕಾದ ಒಂದು ಬಗೆಯ ಸಣ್ಣ ಮೀನಿನ ಮೇಲಿನ ಸಂಶೋಧನೆಯಿಂದ. ಅದರ ಬಣ್ಣ ತಿಳಿಗೊಳಿಸುವ ರೂಪ ಮತ್ತು ಹಳೆಯ ರೂಪ ಎರಡೂ ಭಾರತದ ಜನರಲ್ಲಿ ಬೆರೆತುಹೋಗಿವೆ. ತಂದೆತಾಯಿ ಇಬ್ಬರಲ್ಲಿಯೂ ಎರಡೂ ರೂಪಗಳ ಒಂದೊಂದು ಪ್ರತಿ ಇದ್ದರೆ, ಪ್ರತಿ ಮಗುವಿಗೂ ಎರಡೂ ತಿಳಿ ರೂಪ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಎರಡೂ ಹಳೆಯ ರೂಪ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದೊಂದು ಬರುವ ಸಾಧ್ಯತೆ ನಾಲ್ಕರಲ್ಲಿ ಎರಡು. ಇಂಥ ಹಲವು ವಂಶವಾಹಿಗಳು ಸೇರಿದಾಗ ಅಕ್ಕ ಎಣ್ಣೆಗೆಂಪಾಗಿ ತಮ್ಮ ಗೋಧಿ ಬಣ್ಣದವನಾಗುವುದರಲ್ಲಿ ವಿಶೇಷವೇನೂ ಇಲ್ಲ.

ಅಜ್ಜಿಗೆ ವಂಶವಾಹಿಯ ಹೆಸರು ಬೇಕಾಗಿಲ್ಲ. "ನಿನ್ನ ಮೂರು ಮಕ್ಕಳ ಮೂಗು, ಎತ್ತರ ಒಂದೇ ಥರ ಇದೆಯಾ? ಅಣ್ಣನಿಗೆ ತಾತನ ಮೂಗು ಬಂತು, ನನಗೆ ನಿನ್ನದು ಬಂತು. ಮೂಗಿಗೆ ಯಾರೂ ಹಾಲು ಕುಡಿಸಿರಲಿಲ್ಲ" ಎಂದರೆ ಸಾಕು. ನಂತರ ಬೇರೆ ಮನೆಗಳನ್ನು ನೆನಪು ಮಾಡಿಕೊಳ್ಳಲು ಅವರನ್ನೇ ಕೇಳಿ: ಊರಿನಲ್ಲಿ ಕೇಸರಿ ಹಾಲು ಕುಡಿದ ಬಸುರಿಯರ ಮಕ್ಕಳಲ್ಲಿ ಕಪ್ಪಗಿರುವವರು ಯಾರು, ಕೇಸರಿಯ ಮುಖವನ್ನೇ ಕಾಣದ ಮನೆಗಳಲ್ಲಿ ಬೆಳ್ಳಗಿರುವವರು ಯಾರು? ಹೊಂದಿಕೆಯಾದ ಪ್ರಸಂಗ ಮನಸ್ಸಿನಲ್ಲಿ ನಿಲ್ಲುತ್ತದೆ, ಹೊಂದಿಕೆಯಾಗದ್ದು ಮರೆತುಹೋಗುತ್ತದೆ. ಮರೆತದ್ದನ್ನು ಅವರ ಬಾಯಿಂದಲೇ ಹೊರತರಿಸುವುದು ನಮ್ಮ ಸಾವಿರ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಾಲಿನ ವಿಷಯ

ಹಾಲು ಬೆಳ್ಳಗೆ ಕಾಣುವುದು ಅದರಲ್ಲಿ ಬಿಳಿಯ ಬಣ್ಣದ ವಸ್ತುವೊಂದು ಇರುವುದರಿಂದಲ್ಲ. ಹಾಲಿನಲ್ಲಿ ತೇಲುವ ಕೊಬ್ಬಿನ ಹನಿಗಳು ಮತ್ತು ಪ್ರೋಟೀನಿನ ಸಣ್ಣ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಅದು ಬೆಳ್ಳಗೆ ತೋರುತ್ತದೆ. ಹೊಟ್ಟೆಗೆ ಹೋದ ಮೇಲೆ ಹಾಲು ಒಡೆದು, ಪ್ರೋಟೀನು, ಕೊಬ್ಬು, ಸಕ್ಕರೆ ಬೇರೆಬೇರೆಯಾಗಿ ಅರಗುತ್ತವೆ. ಆ ಕಣಗಳೇ ಉಳಿಯದಿದ್ದ ಮೇಲೆ ಬಿಳುಪೂ ಉಳಿಯುವುದಿಲ್ಲ. ಕೇಸರಿಯದಂತೂ ಬಿಳುಪೇ ಅಲ್ಲ. ಅದರ ಬಣ್ಣ ಹಳದಿ. ತಿಂದ ಬಣ್ಣವೇ ಮಗುವಿನ ಮೈಗೆ ಹೋಗುವುದಾದರೆ ಮಗು ಹಳದಿಯಾಗಿ ಹುಟ್ಟಬೇಕಿತ್ತು. ದನಕರು ಸಾಕಿದ ಅಜ್ಜಿಗೆ ಇಷ್ಟು ವಿವರವೂ ಬೇಡ: ಎಮ್ಮೆಯ ಕರು ಹುಟ್ಟಿದ ದಿನದಿಂದ ಹಸುವಿನ ಹಾಲಿಗಿಂತಲೂ ಬೆಳ್ಳಗಿರುವ ಹಾಲನ್ನೇ ಕುಡಿಯುತ್ತದೆ, ಆದರೂ ಎಮ್ಮೆಯ ಬಣ್ಣಕ್ಕೇ ಬರುತ್ತದೆ.

ಆಹಾರದಿಂದ ಮೈಬಣ್ಣ ಎಂದೂ ಬದಲಾಗುವುದೇ ಇಲ್ಲ ಎಂದು ಮಾತ್ರ ಹೇಳಬೇಡಿ, ಏಕೆಂದರೆ ಅದು ಪೂರ್ತಿ ನಿಜವಲ್ಲ. ಆರು ತಿಂಗಳ ಬಳಿಕ ಮೇಲಾಹಾರ ಆರಂಭಿಸಿದ ಮಗುವಿಗೆ ದಿನವೂ ಗಜ್ಜರಿ, ಸಿಹಿಗುಂಬಳವನ್ನೇ ತಿನ್ನಿಸಿದರೆ ಅಂಗೈ, ಅಂಗಾಲು, ಮೂಗಿನ ತುದಿ ಹಳದಿಗೆ ತಿರುಗಬಹುದು. ಕಣ್ಣಿನ ಬಿಳಿಭಾಗ ಬೆಳ್ಳಗೇ ಇರುತ್ತದೆ. ಆ ತರಕಾರಿಗಳನ್ನು ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ಹಳದಿ ಇಳಿಯುತ್ತದೆ. ಇದು ಮೆಲನಿನ್‌ಗೆ ಸಂಬಂಧಿಸಿದ್ದಲ್ಲ, ಶಾಶ್ವತವೂ ಅಲ್ಲ.

ಬಸುರಿ ರಾತ್ರಿ ಒಂದು ಲೋಟ ಹಾಲಿಗೆ ಕೇಸರಿಯ ನಾಲ್ಕು ಎಸಳು ಹಾಕಿಕೊಂಡು ಕುಡಿದರೆ ತೊಂದರೆಯಿಲ್ಲ; ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಅವಳಿಗೆ ಬೇಕಾದವುಗಳೇ. ಅಜ್ಜಿಯ ಅಕ್ಕರೆಗೆ ಇಲ್ಲಿ ಅಡ್ಡಿ ಹೇಳುವ ಅಗತ್ಯವಿಲ್ಲ, ಕೇಸರಿಯ ಬೆಲೆಯನ್ನು ಬಿಟ್ಟರೆ. ಹಟ ಹಿಡಿಯಬೇಕಾದ ಜಾಗಗಳು ಎರಡೇ.

ಒಂದು, ಕಬ್ಬಿಣದ ಮಾತ್ರೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಗರ್ಭ ಕಾಲದಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ದಿನಕ್ಕೊಂದರಂತೆ ನುಂಗಬೇಕೆಂಬುದು ನಿಯಮ. ಮಾತ್ರೆ ನುಂಗಿದವಳ ಮಲ ಕಪ್ಪಾಗುತ್ತದೆ; ಮಗುವೂ ಕಪ್ಪಾಗುತ್ತದೆ ಎಂಬ ಭಯ ಬಹುಶಃ ಅಲ್ಲಿಂದಲೇ ಬಂದಿರಬೇಕು. ಕಪ್ಪಾಗುವುದು ಕರುಳಿನಲ್ಲಿ ಹೀರಿಕೆಯಾಗದೆ ಉಳಿದ ಕಬ್ಬಿಣ; ಹೀರಿಕೆಯಾದದ್ದು ರಕ್ತಕ್ಕೆ ಹೋಗಿ ಕೆಂಪಾಗುತ್ತದೆ. ಇನ್ನು, ಮಾತ್ರೆಯನ್ನು ಹಾಲಿನ ಜೊತೆಗೇ ನುಂಗಿಸುವ ರೂಢಿಯಿದ್ದರೆ ಅದನ್ನು ತಪ್ಪಿಸಬೇಕು, ಏಕೆಂದರೆ ಹಾಲಿನ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ. ಕಾಫಿ, ಚಹಾ ಕೂಡ ಹಾಗೆಯೇ. ನಮ್ಮ ಉದಾಹರಣೆಯ ಮನೆಯಲ್ಲಿ ಬಾಣಂತಿ ಮಧ್ಯಾಹ್ನ ಊಟವಾದ ಒಂದು ಗಂಟೆಯ ಮೇಲೆ ನಿಂಬೆಯ ಪಾನಕದ ಜೊತೆ ಮಾತ್ರೆ ನುಂಗಿ, ಅಜ್ಜಿಯ ಕೇಸರಿ ಹಾಲನ್ನು ರಾತ್ರಿ ಮಲಗುವ ಮುನ್ನ ಕುಡಿದರೆ ಎರಡೂ ನಡೆಯುತ್ತವೆ, ಯಾರ ಮನಸ್ಸೂ ಮುರಿಯುವುದಿಲ್ಲ.

ಎರಡು, ಮಗುವಿಗೆ ಹಸುವಿನ ಹಾಲು. ಆರು ತಿಂಗಳು ತುಂಬುವವರೆಗೆ, ವೈದ್ಯರು ಹೇಳಿದ ಹನಿ, ಔಷಧಗಳನ್ನು ಬಿಟ್ಟರೆ, ತಾಯಿಯ ಹಾಲಲ್ಲದೆ ನೀರನ್ನೂ ಕೊಡುವಂತಿಲ್ಲ. ಒಂದು ವರ್ಷ ತುಂಬುವವರೆಗೆ ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿ ಕುಡಿಸುವಂತಿಲ್ಲ. ಇದರ ಕಾರಣವನ್ನು ಅಜ್ಜಿಗೆ ಬಿಡಿಸಿ ಹೇಳಲೇಬೇಕು, ಏಕೆಂದರೆ ಇಲ್ಲಿ ಅವರ ಕಣ್ಣು ಮೋಸಹೋಗುವ ಸಂಭವವಿದೆ. ಹಸುವಿನ ಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಎಳೆಯ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರುವಂತೆಯೂ ಅದು ಮಾಡಬಲ್ಲದು. ತಿಂಗಳುಗಟ್ಟಲೆ ಅದನ್ನೇ ಕುಡಿದ ಮಗುವಿಗೆ ರಕ್ತಹೀನತೆ ಬರುತ್ತದೆ, ರಕ್ತ ಕಡಿಮೆಯಾದ ಮಗು ಬಿಳಿಚಿಕೊಳ್ಳುತ್ತದೆ. ಹಾಲು ಕುಡಿಸಿದ್ದಕ್ಕೆ ಮಗು ತಿಳಿಯಾಯಿತು ಎಂದು ಮನೆಯವರು ಸಂತೋಷಪಡುತ್ತಿರುವಾಗ ಮಗು ಕಾಯಿಲೆ ಬಿದ್ದಿರುತ್ತದೆ. ಗುರುತಿಸುವುದು ಕಷ್ಟವಲ್ಲ: ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದು ಒಳಭಾಗವನ್ನು ನೋಡಬೇಕು, ನಾಲಿಗೆ ಮತ್ತು ಅಂಗೈಯನ್ನೂ ನೋಡಬೇಕು. ಮೈಬಣ್ಣ ಏನೇ ಇರಲಿ, ಆರೋಗ್ಯವಾಗಿರುವ ಮಗುವಿನಲ್ಲಿ ಈ ಜಾಗಗಳು ನಸುಗೆಂಪಾಗಿರುತ್ತವೆ. ಅವು ಪೇಲವವಾಗಿದ್ದು, ಮಗು ಮಂಕಾಗಿದ್ದರೆ, ಹಾಲು ಕುಡಿಯುವಾಗ ದಣಿದರೆ ರಕ್ತಪರೀಕ್ಷೆ ಮಾಡಿಸಬೇಕು. ವರ್ಷ ತುಂಬಿದ ಮೇಲೆಯೂ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ, ಹಾಲಿನಿಂದಲೇ ಹೊಟ್ಟೆ ತುಂಬಿದ ಮಗು ಊಟ ಮಾಡುವುದಿಲ್ಲ.

ಬಿಸಿಲಿನ ವಿಷಯ

ಬಿಸಿಲಿನಲ್ಲಿ ಅಜ್ಜಿಯ ಮಾತು ಅರ್ಧ ಸರಿ. ಸೂರ್ಯನ ಅತಿನೇರಳೆ ಕಿರಣ ಬಿದ್ದ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಹೆಚ್ಚು ಮೆಲನಿನ್ ತಯಾರಿಸುತ್ತದೆ, ಅಷ್ಟರ ಮಟ್ಟಿಗೆ ಕಪ್ಪಾಗುತ್ತದೆ. ಆದರೆ ಇದು ಬಿಸಿಲು ಬಿದ್ದ ಜಾಗಕ್ಕೆ ಸೀಮಿತ, ಬಿಸಿಲು ತಪ್ಪಿದರೆ ವಾರಗಳಿಂದ ತಿಂಗಳುಗಳಲ್ಲಿ ಇಳಿಯುವಂಥದ್ದು. ಗದ್ದೆಯಲ್ಲಿ ದುಡಿದವರ ಒಳತೋಳನ್ನು ಆಗಲೇ ನೋಡಿದ್ದೇವೆ. ಎಷ್ಟೇ ವರ್ಷ ದುಡಿದರೂ ಅದು ವಂಶದಿಂದ ಬಂದ ಬಣ್ಣದಲ್ಲೇ ಇರುತ್ತದೆ. ಅದೇ ರೀತಿ, ಎಷ್ಟೇ ತಿಂಗಳು ಕತ್ತಲಲ್ಲಿ ಇಟ್ಟರೂ ಮಗುವಿನ ಬಣ್ಣ ವಂಶದಿಂದ ಬಂದ ಆ ಬಣ್ಣಕ್ಕಿಂತ ತಿಳಿಯಾಗಿ ಉಳಿಯಲಾರದು.

ಆರು ತಿಂಗಳೊಳಗಿನ ಮಗುವನ್ನು ಸುಡುವ ಬಿಸಿಲಿಗೆ ಒಡ್ಡಬಾರದೆಂಬ ಅಜ್ಜಿಯ ಎಚ್ಚರಿಕೆಯನ್ನು ವೈದ್ಯರೂ ಒಪ್ಪುತ್ತಾರೆ, ಎಳೆಯ ಚರ್ಮ ಬೇಗ ಸುಡುತ್ತದೆ, ಮೈಯ ನೀರು ಬೇಗ ಆರುತ್ತದೆ ಎಂಬ ಕಾರಣಕ್ಕೆ. ಅದಕ್ಕೆ ಮುಕ್ತವಾಗಿ ಹೌದೆನ್ನಿ. ಬೇಡವೆನ್ನಬೇಕಾದದ್ದು ಮುಚ್ಚಿದ ಕಿಟಕಿಗೆ. ಕಿಟಕಿ ತೆರೆದು ಕೋಣೆಗೆ ಹಗಲಿನ ಬೆಳಕು ಬಂದರೆ ಮೈ ಕಪ್ಪಾಗುವುದಿಲ್ಲ, ಆದರೆ ಮುಚ್ಚಿದರೆ ಮಗುವಿನ ಕಾಮಾಲೆ ಕಾಣಿಸದೆ ಹೋಗಬಹುದು. ಮೊದಲ ವಾರದಲ್ಲಿ ಬಹಳಷ್ಟು ಮಕ್ಕಳ ಮೈ ಹಳದಿಯಾಗುತ್ತದೆ. ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ, ಕೆಲವರಲ್ಲಿ ಮಿತಿಮೀರಿ ಮಿದುಳಿಗೆ ಹಾನಿ ಮಾಡುತ್ತದೆ. ಮಂದ ಬೆಳಕಿನಲ್ಲಿ ಹಳದಿಯನ್ನು ಹೊಂಬಣ್ಣವೆಂದು ತಿಳಿದು ಮೆಚ್ಚಿಕೊಳ್ಳುವುದೂ ಉಂಟು.

ನೋಡುವ ಕ್ರಮ ಹೀಗಿದೆ. ಹಗಲು ಹೊತ್ತಿನಲ್ಲಿ, ಕಿಟಕಿಯ ಬಳಿ, ವಿದ್ಯುತ್ ದೀಪ ಆರಿಸಿ, ಮಗುವಿನ ಹಣೆಯನ್ನು ಬೆರಳಿನಿಂದ ಒಂದು ಕ್ಷಣ ಒತ್ತಿ ಬಿಡಬೇಕು. ಒತ್ತಿದ ಜಾಗಕ್ಕೆ ರಕ್ತ ಮರಳುವ ಮೊದಲು ಅಲ್ಲಿ ಹಳದಿ ಕಾಣುತ್ತದೆಯೇ ಎಂದು ನೋಡಬೇಕು. ಹಾಗೆಯೇ ಎದೆ, ಹೊಟ್ಟೆ, ಕಾಲುಗಳನ್ನು ಒತ್ತಿ ನೋಡಬೇಕು. ಮಗು ಗಾಢ ಬಣ್ಣದ್ದಾಗಿದ್ದರೆ ಚರ್ಮವನ್ನು ನಂಬದೆ ಕಣ್ಣಿನ ಬಿಳಿಭಾಗ ಮತ್ತು ವಸಡನ್ನು ನೋಡಬೇಕು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಇಳಿದಿದ್ದರೆ, ಮಗು ಎಬ್ಬಿಸಿದರೂ ಹಾಲು ಕುಡಿಯದೆ ತೂಕಡಿಸುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡು ವಾರ ಕಳೆದರೂ ಹಳದಿ ಇಳಿಯದಿದ್ದರೆ, ಅದರಲ್ಲಿಯೂ ಮಲ ಸುಣ್ಣದಂತೆ ಬೆಳ್ಳಗಿದ್ದರೆ, ತಡ ಮಾಡುವಂತಿಲ್ಲ. ಪಿತ್ತನಾಳ ಮುಚ್ಚಿಕೊಂಡ ಮಗುವಿಗೆ ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಫಲ ಹೆಚ್ಚು. ಬೆಳಗಿನ ಬಿಸಿಲಿಗೆ ಹಿಡಿದರೆ ಕಾಮಾಲೆ ಹೋಗುತ್ತದೆ ಎಂಬ ಇನ್ನೊಂದು ನಂಬಿಕೆಯನ್ನೂ ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆಗೆ ಬದಲಾಗಿ ನೆಚ್ಚಿಕೊಳ್ಳಬಾರದು.

ಬಿಸಿಲು ಕಡಿಮೆಯಾದಾಗ ಕೊರತೆಯಾಗುವುದು ಡಿ ಜೀವಸತ್ವ. ಚರ್ಮದಲ್ಲಿ ಅದು ತಯಾರಾಗಲು ಬಿಸಿಲು ಬೇಕು, ಗಾಜಿನ ಕಿಟಕಿಯ ಮೂಲಕ ಬಂದ ಬಿಸಿಲು ಅದಕ್ಕೆ ಸಾಲದು. ತಾಯಿಯ ಹಾಲಿನಲ್ಲಿಯೂ ಅದು ಬಹಳ ಕಡಿಮೆ. ಕೊರತೆ ಮುಂದುವರಿದರೆ ಮೂಳೆಗಳು ಮೆದುವಾಗಿ ಮಣಿಕಟ್ಟು ದಪ್ಪವಾಗುತ್ತದೆ, ನಡೆಯತೊಡಗಿದ ಮಗುವಿನ ಕಾಲು ಬಿಲ್ಲಿನಂತೆ ಬಾಗುತ್ತದೆ. ಆದ್ದರಿಂದ ಮೊದಲ ವರ್ಷದುದ್ದಕ್ಕೂ ದಿನಕ್ಕೆ 400 ಐಯು ಎಂಬ ಅಳತೆಯಷ್ಟು ಡಿ ಜೀವಸತ್ವದ ಹನಿ ಕೊಡಬೇಕೆಂದು ಮಕ್ಕಳ ತಜ್ಞರು ಸಲಹೆ ಮಾಡುತ್ತಾರೆ. ಅಜ್ಜಿಯೊಡನೆ ಒಪ್ಪಂದಕ್ಕೆ ಇದು ಅನುಕೂಲವಾದ ಜಾಗ: "ಮಗುವನ್ನ ಬಿಸಿಲಿಗೆ ತರಲ್ಲ ಅಮ್ಮ, ಅದರ ಬದಲು ದಿನಾ ಈ ಹನಿ ಹಾಕೋಣ. ಹಾಕೋ ಕೆಲಸ ನಿನ್ನದೇ." ಅಂಗಡಿಯಲ್ಲಿ ಒಂದು ಮಿಲಿಲೀಟರಿಗೆ 400 ಐಯು ಇರುವ ಸೀಸೆಯೂ 800 ಐಯು ಇರುವ ಸೀಸೆಯೂ ಸಿಗುತ್ತವೆ, ಮೊದಲನೆಯದರಲ್ಲಿ ಒಂದು ಮಿಲಿ, ಎರಡನೆಯದರಲ್ಲಿ ಅರ್ಧ ಮಿಲಿ ಸಾಕು. ಸೀಸೆ ಬದಲಾದಾಗಲೆಲ್ಲ ಚೀಟಿ ಓದಿ, ಅಳತೆಯ ಗೆರೆಯನ್ನು ಅಜ್ಜಿಗೆ ತೋರಿಸಿಕೊಡಬೇಕು. ದೊಡ್ಡವರಿಗೆ ವಾರಕ್ಕೊಮ್ಮೆ ಬರೆದುಕೊಡುವ 60,000 ಐಯು ಔಷಧ ಮನೆಯಲ್ಲಿದ್ದರೆ ಅದನ್ನು ಮಗುವಿನ ಸಾಮಾನಿನಿಂದ ದೂರವಿಡಬೇಕು.

ಬೀಗರು ಬಂದಾಗ

ಕಡಲೆಹಿಟ್ಟು ಹಚ್ಚಿ ಮೀಯಿಸುವ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ: ಬಣ್ಣ ಬದಲಾಗುವುದಿಲ್ಲ, ಗಟ್ಟಿಯಾಗಿ ಉಜ್ಜಿದರೆ ಚರ್ಮ ತರಚುತ್ತದೆ, ಆದ್ದರಿಂದ ಬಿಟ್ಟರೆ ಒಳ್ಳೆಯದು. ದೊಡ್ಡವರ ಬಿಳುಪಿನ ಕ್ರೀಮುಗಳನ್ನಂತೂ ಮಗುವಿನ ಮೈಗೆ ಮುಟ್ಟಿಸಲೇಬಾರದು. ಅಂಥ ಕೆಲವು ಕ್ರೀಮುಗಳಲ್ಲಿ ಪಾದರಸ, ಸ್ಟೆರಾಯ್ಡ್ ಸಿಕ್ಕಿರುವುದುಂಟು. ಮಗುವಿನ ಸೊಂಟದ ಕೆಳಗೆ ನೀಲಿ ಮಚ್ಚೆಯಿದ್ದರೆ ಉಜ್ಜಿ ತೆಗೆಯಲು ಹೋಗಬೇಡಿ. ಅದು ನಮ್ಮ ಮಕ್ಕಳಲ್ಲಿ ಸಾಮಾನ್ಯ, ಬೆಳೆಯುತ್ತಾ ಮಾಸುತ್ತದೆ.

ಇಷ್ಟೆಲ್ಲ ಒಪ್ಪಿದ ಮೇಲೆಯೂ ಅಜ್ಜಿಯ ಆತಂಕ ಉಳಿಯಬಹುದು, ಏಕೆಂದರೆ ಅದರ ಬೇರು ಚರ್ಮದಲ್ಲಿಲ್ಲ. ಬಾಣಂತನ ನಡೆದದ್ದು ತವರಿನಲ್ಲಿ, ತೊಟ್ಟಿಲು ಶಾಸ್ತ್ರಕ್ಕೆ ಬೀಗರು ಬಂದು ಮಗುವನ್ನು ಎತ್ತಿಕೊಂಡು "ಹುಟ್ಟಿದಾಗ ಇಷ್ಟು ಕಪ್ಪಿರಲಿಲ್ಲ, ಏನು ಮಾಡಿದಿರಿ?" ಎಂದರೆ ಉತ್ತರ ಕೊಡಬೇಕಾದವರು ಅಜ್ಜಿ. ಹೆಣ್ಣು ಮಗುವಾದರೆ ಮುಂದಿನ ಮದುವೆಯ ಮಾತೂ ಅದರ ಹಿಂದೆಯೇ ಇರುತ್ತದೆ. ಈ ಭಯ ಹುಸಿಯಲ್ಲ, ಅವರೇ ತಮ್ಮ ಕಾಲದಲ್ಲಿ ಅಂಥ ಮಾತು ಕೇಳಿದ್ದಿರಬಹುದು. ಆದ್ದರಿಂದ ಮಗಳು ಗಂಡನೊಂದಿಗೆ ಮೊದಲೇ ಮಾತಾಡಿ, ಬಣ್ಣದ ಮಾತಿಗೆ ಉತ್ತರಿಸುವ ಹೊಣೆಯನ್ನು ಅವನಿಗೆ ಒಪ್ಪಿಸಬೇಕು. ಶಾಸ್ತ್ರಕ್ಕೆ ಕೆಲವು ದಿನ ಮುಂಚೆ ಅಳಿಯನೇ ಬಂದು, "ಅತ್ತೆ, ಹುಟ್ಟಿದಾಗ ನಾನೂ ಕೆಂಪಗೇ ಇದ್ದೆನಂತೆ, ಆಮೇಲೆ ಹೀಗಾದೆ. ಮಗಳಿಗೆ ಬಂದಿರೋದು ನನ್ನ ಬಣ್ಣ. ಯಾರಾದರೂ ಕೇಳಿದರೆ ನೀವು ಏನೂ ಹೇಳಬೇಡಿ, ನಾನು ಹೇಳ್ತೀನಿ" ಎಂದರೆ ಅಜ್ಜಿ ಕಿಟಕಿ ಮುಚ್ಚಿಸುವುದನ್ನು ಬಿಡುವ ಸಾಧ್ಯತೆ ಹೆಚ್ಚು.

ಅಳಿಯ ದೂರದ ಊರಿನಲ್ಲಿದ್ದರೆ ಆಶಾ ಕಾರ್ಯಕರ್ತೆಯ ನೆರವು ಪಡೆಯಬಹುದು. ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಅವರು ಮನೆಗೆ ಬಂದು ತಾಯಿ ಮಗುವನ್ನು ನೋಡುವ ವ್ಯವಸ್ಥೆಯಿದೆ. ನಮ್ಮ ಉದಾಹರಣೆಯ ಮಗುವಿಗೆ ಎಂಟನೆಯ ದಿನವಾಗಿರುವುದರಿಂದ ಮುಂದಿನ ಭೇಟಿ 14ನೆಯ ದಿನ. ಕಬ್ಬಿಣದ ಮಾತ್ರೆ, ಹಸುವಿನ ಹಾಲು, ಕಾಮಾಲೆ ಈ ಮೂರನ್ನೂ ಅಂದು ಅಜ್ಜಿಯ ಎದುರಿಗೇ ಹೇಳಿಕೊಡುವಂತೆ ಅವರನ್ನು ಮೊದಲೇ ಕೇಳಿಕೊಳ್ಳಿ, ಮತ್ತು ಅವರು ಬರುವ ಹೊತ್ತಿಗೆ ಅಜ್ಜಿ ಮನೆಯಲ್ಲಿರುವಂತೆ ನೋಡಿಕೊಳ್ಳಿ.